ಮಾಲು ತಲುಪಿದೆ, ಎಲ್‌ಆರ್ ಪ್ರತಿ ಮರಳಿಲ್ಲ: ಸಹಿ ಹಾಕಿ ಕಳುಹಿಸಲು ಕೋರಿಕೆ

ರವಾನೆ ವಿಭಾಗ, ಟೈಲ್ಸ್ ಡಿಪೋ
ಗಬ್ಬೂರು, ಹುಬ್ಬಳ್ಳಿ
ದಿನಾಂಕ: 24-11-2025

ಮಾಲೀಕರಿಗೆ,
ಟೈಲ್ಸ್ ಮತ್ತು ಸ್ಯಾನಿಟರಿವೇರ್ ಮಳಿಗೆ
ಪಿ.ಬಿ. ರಸ್ತೆ, ದಾವಣಗೆರೆ

ವಿಷಯ: ಇನ್‌ವಾಯ್ಸ್ ನಂ. 1187ರ 240 ಬಾಕ್ಸ್ ಟೈಲ್ಸ್ ತಲುಪಿದ್ದಕ್ಕೆ ತಮ್ಮ ಸಹಿ-ಸೀಲು ಇರುವ ಎಲ್‌ಆರ್ ಪ್ರತಿ (ಪಿಒಡಿ) ಬೇಕಾಗಿರುವ ಬಗ್ಗೆ

ಮಾನ್ಯರೇ,

ನವೆಂಬರ್ 11ರಂದು ನಮ್ಮ ಡಿಪೋದಿಂದ ಒಂದೇ ಲಾರಿಯಲ್ಲಿ ತಮಗೆ ಎರಡು ಬಿಲ್ಲಿನ ಮಾಲು ಕಳುಹಿಸಿದ್ದೆವು. 12ರ ಬೆಳಿಗ್ಗೆ ತಮ್ಮ ಗೋದಾಮಿನಲ್ಲಿ ಎಲ್ಲವೂ ಇಳಿದಿದೆ. ಟೈಲ್ ಅಂಟಿನ 60 ಚೀಲಗಳ ಇನ್‌ವಾಯ್ಸ್ ನಂ. 1188ರ ಪಿಒಡಿ ತಮ್ಮ ಸಹಿಯೊಂದಿಗೆ ನಮಗೆ ಬಂದಿದೆ. ಬರಬೇಕಾಗಿರುವುದು ಟೈಲ್ಸ್‌ನದು ಮಾತ್ರ. ಎರಡೂ ಕಾಗದವನ್ನು ಒಟ್ಟಿಗೇ ಗೋದಾಮಿನಲ್ಲಿ ಕೊಟ್ಟೆ, ಇಳಿಸುವ ಗಡಿಬಿಡಿಯಲ್ಲಿ ಒಂದೇ ವಾಪಸು ಬಂತು ಎಂದು ಚಾಲಕರು ಹೇಳುತ್ತಾರೆ. ತಪ್ಪು ಯಾರದು ಎಂದು ಕೇಳುವುದು ಈ ಪತ್ರದ ಉದ್ದೇಶವಲ್ಲ, ಕಾಗದ ಪೂರ್ಣಗೊಂಡರೆ ಸಾಕು.

ಗುರುತಿಗಾಗಿ ವಿವರ:

ಇನ್‌ವಾಯ್ಸ್ ನಂ. 1187, ದಿನಾಂಕ 11-11-2025
ಎಲ್‌ಆರ್ ನಂ. 20546, ದಿನಾಂಕ 11-11-2025
ಲಾರಿ: ಕೆಎ 63 ನೋಂದಣಿ, ಆರು ಚಕ್ರ, ಕೊನೆಯ ನಾಲ್ಕು ಅಂಕಿ 4471
ಮಾಲು: 600 × 600 ಮಿ.ಮೀ. ವಿಟ್ರಿಫೈಡ್ ಟೈಲ್ಸ್, ಐವರಿ 160 ಬಾಕ್ಸ್, ಗ್ರೇ 80 ಬಾಕ್ಸ್
ಬಾಕ್ಸಿಗೆ 4 ಟೈಲ್, 15.5 ಚದರಡಿ, ಒಟ್ಟು 960 ಟೈಲ್, 3,720 ಚದರಡಿ
ತೂಕ: ಬಾಕ್ಸಿಗೆ ಸುಮಾರು 28 ಕೆ.ಜಿ., ಒಟ್ಟು ಸುಮಾರು 6,720 ಕೆ.ಜಿ.
ಮೌಲ್ಯ: ಚದರಡಿಗೆ ರೂ. 42ರಂತೆ ರೂ. 1,56,240, ಜಿಎಸ್‌ಟಿ ಶೇ. 18 ಸೇರಿ ರೂ. 1,84,363

ಮೊದಲು ತಮ್ಮ ಗೋದಾಮಿನ ಒಳಬಂದ ಮಾಲಿನ ಫೈಲಿನಲ್ಲಿ, ನವೆಂಬರ್ 12ರ ಕಾಗದಗಳ ನಡುವೆ ಒಮ್ಮೆ ನೋಡಿಸಿ. ಲಾರಿಯೊಂದಿಗೆ ಬಂದ ಎಲ್‌ಆರ್‌ನಲ್ಲಿ ಎರಡು ಹಾಳೆ ಇದ್ದವು. ಒಂದು ತಾವು ಇಟ್ಟುಕೊಳ್ಳಬೇಕಾದ ಗ್ರಾಹಕರ ಪ್ರತಿ, ಇನ್ನೊಂದು ಸಹಿಯಾಗಿ ನಮಗೆ ಮರಳಬೇಕಾದ ಪಿಒಡಿ ಪ್ರತಿ. ಕಾರ್ಬನ್ ಹಾಳೆಗಳಾದ್ದರಿಂದ ಎರಡೂ ಅಂಟಿಕೊಂಡು ಒಟ್ಟಿಗೇ ಫೈಲಿಗೆ ಸೇರುವುದು ಸಾಮಾನ್ಯ. ಅಲ್ಲಿ ಸಿಕ್ಕರೆ ಅದಕ್ಕೇ ಸಹಿ ಹಾಕಿ ಕಳುಹಿಸಿ, ಈ ಪತ್ರದ ಜೊತೆಗಿರುವ ದ್ವಿಪ್ರತಿಯನ್ನು ಅಡ್ಡಗೆರೆ ಎಳೆದು ರದ್ದು ಮಾಡಿ. ಸಿಗದಿದ್ದರೆ ದ್ವಿಪ್ರತಿಗೆ ಸಹಿ ಹಾಕಿ. ದಯವಿಟ್ಟು ಎರಡಕ್ಕೂ ಸಹಿ ಬೇಡ. ಒಂದೇ ಎಲ್‌ಆರ್‌ಗೆ ಎರಡು ಪಿಒಡಿ ಓಡಾಡಿದರೆ ಟ್ರಾನ್ಸ್‌ಪೋರ್ಟ್‌ನವರ ಲೆಕ್ಕದಲ್ಲಿ ಒಂದೇ ಬಾಡಿಗೆ ಎರಡು ಸಲ ಏರುವ ಸಾಧ್ಯತೆ ಇದೆ, ಆಮೇಲೆ ಬಿಡಿಸುವುದು ನಮಗೂ ತಮಗೂ ತಲೆನೋವು. ದ್ವಿಪ್ರತಿಗೆ ಸಹಿ ಹಾಕಿದ ಮೇಲೆ ಮೂಲ ಪ್ರತಿ ಎಲ್ಲಾದರೂ ಸಿಕ್ಕರೂ ಅದನ್ನು ರದ್ದು ಮಾಡಿ ನಮಗೊಂದು ಮಾತು ತಿಳಿಸಿ.

ಸಹಿ ಹಾಕುವಾಗ ಬಹಳ ಜನ ತಪ್ಪುವುದು ದಿನಾಂಕದಲ್ಲಿ. ಸಹಿ ಇಂದು ಆದರೂ ‘ಮಾಲು ತಲುಪಿದ ದಿನಾಂಕ’ ಎಂಬಲ್ಲಿ 12-11-2025 ಎಂದೇ ಬರೆಯಬೇಕು. ಸಹಿಯ ಕೆಳಗೆ ಸಹಿ ಹಾಕಿದ ದಿನವನ್ನು ಬೇರೆಯಾಗಿ ಬರೆಯಿರಿ. ಹುಬ್ಬಳ್ಳಿಯಿಂದ ದಾವಣಗೆರೆ 200 ಕಿ.ಮೀ. ಒಳಗಿರುವುದರಿಂದ ಇ-ವೇ ಬಿಲ್ಲಿನ ಅವಧಿ ಒಂದೇ ದಿನ. 11ರಂದು ತೆಗೆದ ಬಿಲ್ಲು 12ರ ಮಧ್ಯರಾತ್ರಿಗೆ ಮುಗಿದಿದೆ. ತಲುಪಿದ ದಿನ 25 ಎಂದು ಬಿದ್ದರೆ, ಅವಧಿ ಮುಗಿದ ಇ-ವೇ ಬಿಲ್ಲಿನ ಮೇಲೆ ಲಾರಿ ಹದಿಮೂರು ದಿನ ಓಡಾಡಿದಂತೆ ಕಾಗದ ಹೇಳುತ್ತದೆ. ತಮ್ಮ 30 ದಿನದ ಪಾವತಿ ಗಡುವನ್ನೂ ತಲುಪಿದ ದಿನದಿಂದಲೇ ಲೆಕ್ಕ ಹಾಕುವುದು. ಅದರಂತೆ ಡಿಸೆಂಬರ್ 12ಕ್ಕೆ ಬರುತ್ತದೆ.

ಇನ್ನು ಒಡೆದ ಮಾಲಿನ ವಿಷಯ. ಮೂರು ಬಾಕ್ಸಿನ ಮೂಲೆ ಒಡೆದಿದೆ ಎಂದು ತಮ್ಮ ಗೋದಾಮಿನವರು ಅಂದೇ ನಮ್ಮ ಸೇಲ್ಸ್ ಪ್ರತಿನಿಧಿಗೆ ವಾಟ್ಸಾಪಿನಲ್ಲಿ ಫೋಟೊ ಕಳುಹಿಸಿದ್ದಾರೆ. ಎರಡು ಐವರಿ, ಒಂದು ಗ್ರೇ; ಒಡೆದದ್ದು ಒಟ್ಟು ಏಳು ಟೈಲ್ ಎಂದು ಫೋನಿನಲ್ಲಿ ಹೇಳಿದ್ದಾರೆ. ಆ ಮಾತನ್ನು ನಾವು ಅನುಮಾನಿಸುತ್ತಿಲ್ಲ. ಆದರೆ ಫೋಟೊದಲ್ಲಿ ಎಲ್‌ಆರ್ ನಂಬರೂ ಇಲ್ಲ, ಲಾರಿಯೂ ಇಲ್ಲ. ಅದನ್ನು ಮುಂದಿಟ್ಟು ಟ್ರಾನ್ಸ್‌ಪೋರ್ಟ್‌ನವರ ಬಾಡಿಗೆಯಲ್ಲಿ ಹಣ ಮುರಿದುಕೊಳ್ಳಲು ಹೋದರೆ ‘ನಿಮ್ಮ ಗಿರಾಕಿಯ ಗೋದಾಮಿನಲ್ಲಿ ಹಮಾಲರು ಬೀಳಿಸಿರಬಹುದು’ ಎನ್ನುತ್ತಾರೆ. ಪಿಒಡಿಯ ಷರಾ ಕಾಲಮ್ಮಿನಲ್ಲೇ ಬರೆದಿದ್ದರೆ ಆ ಮಾತಿಗೆ ಜಾಗ ಇರುವುದಿಲ್ಲ. ಷರಾ ಇಲ್ಲದೆ ಬರೀ ಸಹಿ-ಸೀಲು ಬಿದ್ದರೆ ಎಲ್ಲ ಮಾಲೂ ಸರಿಯಾಗಿ ಬಂತು ಎಂದೇ ಅರ್ಥ. ಬೇಗ ಸಹಿ ಬೇಕು ಎಂದು ಕೇಳುತ್ತಿದ್ದರೂ ಷರಾ ಬಿಟ್ಟು ಸಹಿ ಹಾಕಬೇಡಿ ಎಂದು ನಾವೇ ಹೇಳುತ್ತಿರುವುದು ಇದಕ್ಕೆ.

ಆ ಮೂರು ಬಾಕ್ಸನ್ನು ಬಿಚ್ಚಿ ಇನ್ನೊಮ್ಮೆ ಎಣಿಸಿ. ಎಣಿಕೆ ಏಳೇ ಬಂದರೆ ಷರಾ ಹೀಗಿರಲಿ:

“240 ಬಾಕ್ಸ್ ಎಣಿಸಿ ಪಡೆಯಲಾಗಿದೆ. ಇಳಿಸುವ ಮೊದಲೇ 3 ಬಾಕ್ಸ್‌ಗಳ (ಐವರಿ 2, ಗ್ರೇ 1) ಮೂಲೆ ಜಜ್ಜಿದ್ದು ಕಂಡಿದೆ. ಬಿಚ್ಚಿ ನೋಡಿದಾಗ 7 ಟೈಲ್ ಒಡೆದಿವೆ, 5 ಸರಿಯಾಗಿವೆ. ಉಳಿದ 237 ಬಾಕ್ಸ್ ಹೊರನೋಟಕ್ಕೆ ಸರಿಯಾಗಿವೆ, ಬಿಚ್ಚಿ ನೋಡಿಲ್ಲ.”

ಎಣಿಕೆ ಬೇರೆ ಬಂದರೆ ಬಂದ ಸಂಖ್ಯೆಯನ್ನೇ ಬರೆಯಿರಿ. ‘ಇಳಿಸುವ ಮೊದಲೇ’ ಎಂಬ ಮಾತನ್ನು ಅಂದು ಲಾರಿಯ ಬಳಿ ಇದ್ದವರನ್ನು ಕೇಳಿ ಖಚಿತ ಮಾಡಿಕೊಂಡೇ ಹಾಕಿ. ಅವರು ನೋಡಿಲ್ಲ ಎಂದರೆ ಅದನ್ನು ಬಿಡಿ. ‘ಮಾಲು ಡ್ಯಾಮೇಜ್’ ಎಂದಷ್ಟೇ ಬರೆದರೆ ಎಷ್ಟು, ಯಾವ ಬಣ್ಣ ಎಂಬುದು ತಿಳಿಯದೆ ಕ್ರೆಡಿಟ್ ನೋಟ್ ನಿಲ್ಲುತ್ತದೆ. ಏಳು ಟೈಲ್ ಅಂದರೆ 27.125 ಚದರಡಿ, ತೆರಿಗೆ ಸೇರಿ ರೂ. 1,344. ಹನ್ನೆರಡೂ ಒಡೆದಿದ್ದರೆ ರೂ. 2,305. ಕೊನೆಯ ಸಾಲಿನ ‘ಬಿಚ್ಚಿ ನೋಡಿಲ್ಲ’ ಎಂಬುದು ತಮ್ಮ ರಕ್ಷಣೆಗೆ: ಮುಂದೆ ಬಾಕ್ಸ್ ಬಿಚ್ಚಿದಾಗ ಶೇಡ್ ವ್ಯತ್ಯಾಸ, ಬಾಗು, ಒಳಗಿನ ಬಿರುಕು ಕಂಡರೆ ದೂರು ಕೊಡುವ ತಮ್ಮ ಹಕ್ಕು ಈ ಸಹಿಯಿಂದ ಹೋಗುವುದಿಲ್ಲ. ಆದರೆ ಅಂಥ ದೂರು ಟೈಲ್ ನೆಲಕ್ಕೆ ಕೂರಿಸುವ ಮೊದಲು ಬರಬೇಕು. ಒಡೆದ ಟೈಲ್‌ಗಳನ್ನೂ ಆ ಮೂರು ಬಾಕ್ಸಿನ ರಟ್ಟನ್ನೂ ಕ್ರೆಡಿಟ್ ನೋಟ್ ಕೈಸೇರುವವರೆಗೆ ಎಸೆಯಬೇಡಿ. ಶೇಡ್ ಮತ್ತು ಬ್ಯಾಚ್ ನಂಬರು ಇರುವುದು ಆ ರಟ್ಟಿನ ಮೇಲೆ.

ಲಾರಿಯಲ್ಲಾದ ನಷ್ಟಕ್ಕೆ ಟ್ರಾನ್ಸ್‌ಪೋರ್ಟ್‌ನವರ ಮೇಲೆ ದಾವೆ ಹೂಡಬೇಕಾದರೆ, ಮಾಲು ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಎಂದು 2007ರ ರಸ್ತೆ ಸಾಗಣೆ ಕಾಯ್ದೆ ಹೇಳುತ್ತದೆ. ನಮ್ಮ ಲೆಕ್ಕಕ್ಕೆ ಅದು 2026ರ ಮೇ 10. ಸಮಯವೇನೋ ಇದೆ, ಆದರೆ ಇಷ್ಟು ಸಣ್ಣ ಮೊತ್ತಕ್ಕೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ಈ ಟ್ರಿಪ್ಪಿನ ಬಾಡಿಗೆಯಲ್ಲಿ ಬಾಕಿ ಉಳಿದ ಹಣವನ್ನು ಪಿಒಡಿ ಬರಲಿ ಎಂದು ತಡೆಹಿಡಿದಿದ್ದೇವೆ. ಅದು ನಮ್ಮ ಕೈಯಲ್ಲಿರುವಾಗಲೇ ಮುರಿದುಕೊಳ್ಳುವುದು ಸುಲಭ. ಲಾರಿಯವರೂ ಆ ಹಣಕ್ಕಾಗಿ ಕಾಯುತ್ತಿದ್ದಾರೆ.

ಇ-ವೇ ಬಿಲ್ಲನ್ನು ತಾವು ತಿರಸ್ಕರಿಸಿಲ್ಲ, ಬಿಲ್ಲು ತಮ್ಮ ಜಿಎಸ್‌ಟಿ ಖಾತೆಯಲ್ಲಿ ಕಾಣುತ್ತದೆ, ಮತ್ತೆ ಸಹಿ ಏಕೆ ಎಂದು ತಮ್ಮ ಲೆಕ್ಕಿಗರು ಕೇಳಬಹುದು. ಇ-ವೇ ಬಿಲ್ಲಿಗೆ 72 ಗಂಟೆಯೊಳಗೆ ಉತ್ತರಿಸದಿದ್ದರೆ ಒಪ್ಪಿದಂತೆಯೇ ಎಂಬ ನಿಯಮ ಇರುವುದು ನಿಜ. ಅದು ಬಿಲ್ಲಿನ ವಿವರವನ್ನು ಒಪ್ಪಿದಂತೆ ಅಷ್ಟೆ, ಮಾಲು ಗೋದಾಮಿನಲ್ಲಿ ಇಳಿಯಿತು ಎಂಬುದಕ್ಕೆ ಪುರಾವೆ ಅಲ್ಲ. ತಮ್ಮ ಕಡೆಗೂ ಈ ಕಾಗದ ಬೇಕಾಗುತ್ತದೆ. ಸಿಜಿಎಸ್‌ಟಿ ಕಾಯ್ದೆಯ 16(2)ನೇ ಕಲಮಿನ ಪ್ರಕಾರ ಮಾಲು ಕೈಸೇರಿದ್ದರೆ ಮಾತ್ರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದು. ಈ ಬಿಲ್ಲಿನಲ್ಲಿ ತೆರಿಗೆಯೇ ರೂ. 28,123 ಇದೆ. ಆದ್ದರಿಂದ ಸಹಿಯಾದ ಹಾಳೆಯ ಒಂದು ಜೆರಾಕ್ಸ್ ಇನ್‌ವಾಯ್ಸಿನ ಜೊತೆ ಪಿನ್ ಮಾಡಿಟ್ಟುಕೊಳ್ಳಿ.

ಸಹಿ ಅಂದು ಮಾಲು ಎಣಿಸಿಕೊಂಡವರದೇ ಆದರೆ ಒಳ್ಳೆಯದು. ಅವರು ಈಗ ಕೆಲಸದಲ್ಲಿಲ್ಲದಿದ್ದರೆ ತಾವೇ ಸಹಿ ಹಾಕಬಹುದು. ಸಹಿಯ ಕೆಳಗೆ ಪೂರ್ತಿ ಹೆಸರು, ಹುದ್ದೆ, ಮೊಬೈಲ್ ನಂಬರ್, ಮತ್ತು ಜಿಎಸ್‌ಟಿ ನಂಬರ್ ಇರುವ ಮಳಿಗೆಯ ಸೀಲು ಬೇಕು. ಸೀಲು ಅಂಕಿಗಳ ಮೇಲೆ ಬೀಳದಂತೆ ನೋಡಿಕೊಳ್ಳಿ, ಬಾಕ್ಸ್ ಸಂಖ್ಯೆಯೇ ಮುಚ್ಚಿಹೋಗುವುದು ನಾವು ಆಗಾಗ ಕಾಣುವ ತೊಂದರೆ. ಹಮಾಲರ ಸಹಿ ಅಥವಾ ಹೆಬ್ಬೆಟ್ಟು ನಡೆಯುವುದಿಲ್ಲ. ತಿದ್ದಿ ಬರೆದಿದ್ದರೆ ತಿದ್ದಿದ ಕಡೆಯೂ ಸಣ್ಣ ಸಹಿ ಇರಲಿ, ವೈಟ್‌ನರ್ ಬೇಡ.

ಮೊದಲು ಸ್ಕ್ಯಾನ್ ಪ್ರತಿಯನ್ನು ನವೆಂಬರ್ 29ರ ಶನಿವಾರದೊಳಗೆ ನಮ್ಮ ಸೇಲ್ಸ್ ಪ್ರತಿನಿಧಿಯ ವಾಟ್ಸಾಪಿಗೆ ಕಳುಹಿಸಿ. ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ನಾಲ್ಕೂ ಮೂಲೆ ಕಾಣುವಂತೆ, ಎರಡೂ ಬದಿ ತೆಗೆದು, ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಎಲ್‌ಆರ್ ನಂಬರು ಮಸುಕಾಗುವುದಿಲ್ಲ. ಅದು ಸ್ಪಷ್ಟವಾಗಿದ್ದರೆ ಕ್ರೆಡಿಟ್ ನೋಟ್ ಕೆಲಸವನ್ನು ಅಂದೇ ಶುರು ಮಾಡುತ್ತೇವೆ. ಮೂಲ ಹಾಳೆಯನ್ನು ಕೊರಿಯರ್ ಮಾಡುವ ಖರ್ಚು ತಮಗೆ ಬೇಡ. ಡಿಸೆಂಬರ್ 3ರ ಬುಧವಾರ ನಮ್ಮ ಪ್ರತಿನಿಧಿ ದಾವಣಗೆರೆಗೆ ಬರುತ್ತಾರೆ, ಅವರ ಕೈಗೇ ಕೊಟ್ಟು ಪಡೆದುಕೊಂಡದ್ದಕ್ಕೆ ಸಹಿ ತೆಗೆದುಕೊಳ್ಳಿ. ಬೇರೆ ಲಾರಿಯ ಚಾಲಕರ ಕೈಗೆ ಮಾತ್ರ ಕೊಡಬೇಡಿ.

ಎಣಿಕೆಯಲ್ಲೇ ವ್ಯತ್ಯಾಸವಿದ್ದರೆ, ಅಂದರೆ 240 ಬಾಕ್ಸ್ ಬಂದೇ ಇಲ್ಲ ಎಂದಾದರೆ, ಸಹಿ ಹಾಕುವ ಮೊದಲು ಫೋನ್ ಮಾಡಿ. ಆ ದಿನದ ಲೋಡಿಂಗ್ ಪಟ್ಟಿ ನಮ್ಮಲ್ಲಿದೆ, ಸಾಲು ಸಾಲಾಗಿ ತಾಳೆ ನೋಡೋಣ.

ತಮ್ಮ ವಿಶ್ವಾಸಿ,
ರವಾನೆ ವಿಭಾಗದ ಮೇಲ್ವಿಚಾರಕರು
ಟೈಲ್ಸ್ ಡಿಪೋ, ಹುಬ್ಬಳ್ಳಿ

ಲಗತ್ತು: ‘ದ್ವಿಪ್ರತಿ’ ಎಂದು ಕೆಂಪು ಸೀಲು ಹಾಕಿದ ಎಲ್‌ಆರ್ ನಂ. 20546; ಇನ್‌ವಾಯ್ಸ್ ನಂ. 1187ರ ಜೆರಾಕ್ಸ್, 12-11-2025ರ ವಾಟ್ಸಾಪ್ ಫೋಟೊಗಳ ಮುದ್ರಿತ ಪ್ರತಿ