ಅಡುಗೆಮನೆಗೆ ಹೊಸದಾಗಿ ಬಂದವರಿಗೆ: ಮೊದಲ ವಾರದ ಚೆಕ್‌ಲಿಸ್ಟ್

(ಹೋಂಸ್ಟೇ ಅಡುಗೆಮನೆ, ಮಡಿಕೇರಿ)

ಕಲಿಸುವವರಿಗೆ: ಒಂದೊಂದನ್ನೇ ಓದಿ ಹೇಳಿ, ಮಾಡಿ ತೋರಿಸಿ, ಆಮೇಲೆ ಅವರ ಕೈಯಲ್ಲೇ ಮಾಡಿಸಿ. ಅವರು ಮಾಡಿದ ಮೇಲೆ ಮಾತ್ರ ಟಿಕ್ ಹಾಕಿ. "ಗೊತ್ತಾಯ್ತಾ?" ಅಂತ ಕೇಳಿದರೆ ಎಲ್ಲರೂ ಹ್ಞೂಂ ಅಂತಾರೆ, ಅದು ಲೆಕ್ಕಕ್ಕಿಲ್ಲ.

ಹೊಸಬರಿಗೆ: ಗೊತ್ತಿಲ್ಲ ಅಂದರೆ ಇಲ್ಲಿ ಯಾರೂ ಬೈಯುವುದಿಲ್ಲ. ಸುಮ್ನೆ ತಲೆ ಆಡಿಸಿದರೆ ನಾನು ಬೈಯುತ್ತೇನೆ.

ಮೊದಲ ದಿನ: ಒಲೆ ಹಚ್ಚುವ ಮೊದಲು

☐ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ ತೋರಿಸಿದರು. ಕಣ್ಣು ಮುಚ್ಚಿಯೂ ಕೈ ಅಲ್ಲಿಗೇ ಹೋಗಬೇಕು.

☐ ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು ಅಂತ ಹೇಳಿದರು: ಉರಿಯುತ್ತಿರುವ ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ. ಲೈಟ್, ಫ್ಯಾನ್ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಚಳಿ, ಮಳೆ ಅಂತ ನಾವು ಕಿಟಕಿ ಮುಚ್ಚಿಕೊಂಡಿರುವುದು ಜಾಸ್ತಿ ಅಲ್ವಾ, ಅದಕ್ಕೇ ಇದು ಮೊದಲ ಪಾಠ. ಸೋರಿಕೆಗೆ 1906, ಬೆಂಕಿ ಹತ್ತಿದರೆ 112, ಆಂಬುಲೆನ್ಸ್‌ಗೆ 108. ಫೋನ್ ಹೊರಗೆ ಬಂದ ಮೇಲೆ.

☐ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ: ನೀರು ಹಾಕಬೇಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಬಾಣಲೆ ಎತ್ತಬೇಡಿ.

☐ ಹಬೆ. ಕಡಂಬುಟ್ಟು ಬೇಯಿಸುವ ಪಾತ್ರೆಯ ಮುಚ್ಚಳವನ್ನು ನಿಮ್ಮ ಕಡೆ ಅಲ್ಲ, ಆಚೆ ಕಡೆ ಓರೆ ಮಾಡಿ ತೆಗೆಯಿರಿ. ನನ್ನ ಬಲಗೈ ಮಣಿಕಟ್ಟಿನ ಕಲೆ ನೋಡಿ. ಅದು ಎಣ್ಣೆಯದಲ್ಲ, ಹಬೆಯದು. ಹುತ್ತರಿ ಹಬ್ಬದ ಗಡಿಬಿಡಿಯಲ್ಲಿ ಎರಡು ಸೆಕೆಂಡ್ ಅವಸರ ಮಾಡಿದೆ, ಅಷ್ಟೆ. ಕುಕ್ಕರ್ ಒತ್ತಡ ಪೂರ್ತಿ ಇಳಿಯದೆ ಮುಟ್ಟಬೇಡಿ.

☐ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ. ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಬಳೆ, ಉಂಗುರ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ.

☐ ಚಾಕು ಕೈಜಾರಿದರೆ ಹಿಡಿಯಲು ಹೋಗಬೇಡಿ, ಹಿಂದೆ ಸರಿಯಿರಿ. ಸಿಂಕ್ ನೀರಿನೊಳಗೆ ಚಾಕು ಬಿಡಬೇಡಿ. ಮೊಂಡಾಗಿದ್ದರೆ ಹೇಳಿ, ಮೊಂಡು ಚಾಕುವೇ ಕೈ ಕುಯ್ಯುವುದು.

☐ ಬಿಸಿ ಪಾತ್ರೆ ಹಿಡಿದು ನಡೆಯುವಾಗ "ಬಿಸಿ, ಬಿಸಿ" ಅಂತ ಜೋರಾಗಿ ಕೂಗಿ. ನಾಚಿಕೆ ಬೇಡ. ಒದ್ದೆ ಮಸಿಬಟ್ಟೆಯಲ್ಲಿ ಪಾತ್ರೆ ಹಿಡಿಯಬೇಡಿ.

ಶುಚಿ

☐ ಚಪ್ಪಲಿ, ಗಮ್‌ಬೂಟ್ ಹೊರಗೆ. ಮಳೆಗಾಲದಲ್ಲಿ ಕಾಲಿಗೆ ಜಿಗಣೆ ಇದೆಯಾ ನೋಡಿಕೊಂಡೇ ಒಳಗೆ ಬನ್ನಿ. ಒಳಗಿನ ಚಪ್ಪಲಿ ಬೇರೆ ಇದೆ.

☐ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆದು ತೋರಿಸಿದರು, ಉಗುರಿನ ಸಂದಿ ಸಮೇತ. ಯಾವಾಗ? ಬಂದ ತಕ್ಷಣ, ಹಸಿ ಮಾಂಸ ಮುಟ್ಟಿದ ಮೇಲೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಮೂಗು, ತಲೆ, ಫೋನ್ ಮುಟ್ಟಿದ ಮೇಲೆ.

☐ ಕೆಂಪು ಮಣೆ ಹಂದಿ, ಕೋಳಿ ಮಾಂಸಕ್ಕೆ. ಹಸಿರು ಮಣೆ ತರಕಾರಿಗೆ. ಒಂದೇ ಸಲ, ಒಂದೇ ಈರುಳ್ಳಿ ಅಂತ ರಿಯಾಯಿತಿ ಇಲ್ಲ. ಫ್ರಿಜ್‌ನಲ್ಲಿ ಹಸಿ ಮಾಂಸ ಕೆಳಗಿನ ತಟ್ಟೆಯಲ್ಲಿ, ಬೆಂದದ್ದು ಮೇಲೆ.

☐ ಉಳಿದ ಪಂದಿಕರಿ ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುವೆ ತಣ್ಣಗಾಗುವುದೇ ಇಲ್ಲ. ಚಿಕ್ಕ ಡಬ್ಬಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ. ಮೇಲೆ ತಾರೀಕು ಬರೆಯಿರಿ.

☐ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ, ಹೋದ ಸಮಯ ಬೋರ್ಡಿನಲ್ಲಿ ಬರೆಯಿರಿ. ನಾಲ್ಕು ಗಂಟೆ ದಾಟಿದರೆ ಒಳಗಿರುವುದನ್ನು ಏನು ಮಾಡಬೇಕು ಅಂತ ನಾನು ನೋಡುತ್ತೇನೆ.

☐ ವಾಂತಿ, ಭೇದಿ ಆದರೆ ಬರಬೇಡಿ. ನಿಂತ ಮೇಲೂ ಎರಡು ದಿನ ಮನೆಯಲ್ಲೇ ಇರಿ. ಸಂಬಳ ಕಟ್ ಮಾಡುವುದಿಲ್ಲ. ಮುಚ್ಚಿಟ್ಟುಕೊಂಡು ಬರಬೇಡಿ ಅಂತಲೇ ಈ ಏರ್ಪಾಡು.

☐ ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಸೇರಿಸಬಾರದು. ವಿಷದ ಗಾಳಿ ಏಳುತ್ತದೆ.

ಎರಡನೇ ದಿನದಿಂದ: ಕೆಲಸ

☐ ಅಕ್ಕಿ ತೊಳೆಯುವುದು, ತರಿ ಜರಡಿ ಹಿಡಿಯುವುದು, ಈರುಳ್ಳಿ ಹೆಚ್ಚುವುದು. ವೇಗ ಬೇಡ, ಒಂದೇ ಅಳತೆ ಇರಲಿ.

☐ ಕೆಸುವಿನ ಸೊಪ್ಪು ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಸಂಜೆವರೆಗೂ ತುರಿಕೆ.

☐ ಕಣಿಲೆಯಲ್ಲಿ ಹಸಿ ಇದ್ದಾಗ ವಿಷದ ಅಂಶ ಇರುತ್ತದೆ. ಹೆಚ್ಚಿ ನೆನೆಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಚೆನ್ನಾಗಿ ಬೇಯಿಸಿ ನೀರು ಚೆಲ್ಲಬೇಕು. ನೆನೆದ ನೀರನ್ನು ಸಾರಿಗೆ ಹಾಕಬೇಡಿ. ಎಷ್ಟನೇ ದಿನ ಅಂತ ಪಾತ್ರೆಗೆ ಚೀಟಿ ಅಂಟಿಸಿ.

☐ ತೋಟದಲ್ಲಿ ಅಣಬೆ ಕಂಡರೆ ಈ ಅಡುಗೆಮನೆಗೆ ತರಬೇಡಿ. ನಿಮ್ಮ ಅಜ್ಜಿಗೆ ಗುರುತು ಗೊತ್ತಿದ್ದರೂ ಸರಿ, ಅತಿಥಿಗಳಿಗೆ ಬಡಿಸುವುದಿಲ್ಲ.

☐ ಕಾಚಂಪುಳಿ ನೀವಾಗಿ ಹಾಕಬೇಡಿ. ಒಂದು ಚಮಚ ಜಾಸ್ತಿಯಾದರೆ ಇಡೀ ಪಾತ್ರೆ ಹುಳಿ. ಗಾಜಿನ ಬಾಟಲಿಯಲ್ಲೇ ಇರಲಿ, ಅಲ್ಯೂಮಿನಿಯಂ ಬೇಡ.

☐ ರಾತ್ರಿ ಕೊನೆಗೆ: ಒಲೆ, ರೆಗ್ಯುಲೇಟರ್, ನಲ್ಲಿ, ಹಿಂದಿನ ಬಾಗಿಲು. ಬಟ್ಟೆಗಳನ್ನು ಕುದಿಸಿ, ಹರಡಿ ಒಣಗಿಸಿ. ಮುದ್ದೆ ಮಾಡಿ ಬಿಟ್ಟರೆ ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ಮುಗ್ಗಲು ವಾಸನೆ.

ಏಳನೇ ದಿನ

☐ ವೈದ್ಯಕೀಯ ತಪಾಸಣೆ ಆಗಿದೆ, ಚೀಟಿ ಫೈಲಿನಲ್ಲಿದೆ. ಇದು ವರ್ಷಕ್ಕೊಮ್ಮೆ, ಖರ್ಚು ನಮ್ಮದು.

☐ ಹೊಸಬರು ಕೇಳಿದ ಮೂರು ಪ್ರಶ್ನೆ ಹಾಳೆಯ ಹಿಂದೆ ಬರೆದಾಗಿದೆ. ಒಂದೂ ಕೇಳಿಲ್ಲ ಅಂದರೆ ಇನ್ನೂ ಎರಡು ದಿನ ಪಕ್ಕದಲ್ಲೇ ನಿಲ್ಲಿಸಿಕೊಂಡು ಕಲಿಸಿ.