ಕೆರೆ ವಿಚಾರ ಸಂಕಿರಣ: ವಂದನಾರ್ಪಣೆ

ಎಲ್ರಿಗೂ ನಮಸ್ಕಾರ. ಆರು ಗಂಟೆಗೆ ಹತ್ತೇ ನಿಮಿಷ ಇದೆ, ಮುಳಬಾಗಿಲು ಶ್ರೀನಿವಾಸಪುರ ಕಡೆಯಿಂದ ಬಂದೋರು ಆಗ್ಲೇ ಬ್ಯಾಗ್ ತೊಡೆ ಮೇಲೆ ಇಟ್ಕೊಂಡಿದೀರ, ಗೊತ್ತು, ಆದ್ರೂ ಇವತ್ತಿನ ದಿನ ಯಾರ್ಯಾರಿಂದ ನಡೀತು ಅಂತ ಹೇಳ್ದೆ ಕಳಿಸೋಕೆ ನಂಗೆ ಮನಸ್ಸಿಲ್ಲ.

ಮೊದ್ಲು ನೀರುಗಂಟಿ ತಾತ ಅವ್ರಿಗೆ. ತಾತ, ನಿಮ್ಮ ಹೆಸರು ಇನ್ವಿಟೇಷನ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಇತ್ತು, ಹದಿನೈದು ನಿಮಿಷ ಅಂತ. ಬೆಳಿಗ್ಗೆ ನಮ್ಮ ಮುಖ್ಯ ಭಾಷಣಕಾರರು ಹೊಸಕೋಟೆ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೀವಿ ಅಂತ ಫೋನ್ ಮಾಡಿದ್ರು, ಹಾಲ್ ತುಂಬ ಜನ, ನಾವು ಓಡಿ ಬಂದು "ತಾತ ಈಗ್ಲೇ ಮಾತಾಡ್ತೀರಾ" ಅಂದ್ರೆ ನೀವು ಟವೆಲ್ ಹೆಗಲಿಗೆ ಹಾಕ್ಕೊಂಡು ಎದ್ದೇಬಿಟ್ರಿ. ಮುಕ್ಕಾಲು ಗಂಟೆ! ತೂಬು ಎಷ್ಟು ಎತ್ತಬೇಕು, ಕೋಡಿ ಹೋಗೋ ಮುಂಚೆ ಏರಿ ಮೇಲೆ ಎಲ್ಲೆಲ್ಲಿ ಕಣ್ಣಿಟ್ಟಿರ್ಬೇಕು, ನೀರು ಕಮ್ಮಿ ಇರೋ ವರ್ಷ ಅಚ್ಚುಕಟ್ಟಿನ ಕೊನೇ ಗದ್ದೆಯೋನಿಗೂ ಪಾಲು ಹೆಂಗೆ ಮುಟ್ಟಿಸ್ಬೇಕು, ಸುಗ್ಗೀಲಿ ಕಣಕ್ಕೆ ಹೋದಾಗ ಕಾಳು ಎಷ್ಟು ಕೊಡೋರು, ಎಲ್ಲಾ. ಹತ್ತು ವರ್ಷದಿಂದ ಇತಿಹಾಸ ಪಾಠ ಮಾಡ್ತಿದೀನಿ, ಕೆರೆ ಅಂದ್ರೆ ಬರೀ ನೀರಲ್ಲ, ನೀರು ಹಂಚೋ ನ್ಯಾಯ ಅಂತ ನಂಗೆ ಇಷ್ಟು ಚೆನ್ನಾಗಿ ಅರ್ಥ ಆಗಿದ್ದು ಇವತ್ತೇ. ನಮಸ್ಕಾರ ತಾತ.

ಮುಖ್ಯ ಭಾಷಣಕಾರರಾದ ಪ್ರೊಫೆಸರ್ ಸರ್, ನೀವು ಹನ್ನೆರಡು ಗಂಟೆಗೆ ಬಂದು ನೀರೂ ಕುಡೀದೆ ವೇದಿಕೆ ಹತ್ತಿದ್ರಿ. ಬೆಳಿಗ್ಗೆ ತಾತ ಏನು ಹೇಳಿದ್ರು ಅಂತ ಮೆಟ್ಟಿಲ ಹತ್ರಾನೇ ಕೇಳ್ಕೊಂಡು ಅಲ್ಲಿಂದಾನೇ ಮಾತು ಶುರು ಮಾಡಿದ್ರಿ, ಅದು ನಿಮ್ಮ ದೊಡ್ಡತನ. ಕಡಪ ಜಿಲ್ಲೆ ಪೋರುಮಾಮಿಳ್ಳ ಶಾಸನ, 1369ರದ್ದು, ಅದರಲ್ಲಿ ಕೆರೆ ಕಟ್ಟೋಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಅಂತ ಕಲ್ಲಲ್ಲಿ ಕೆತ್ತಿದಾರೆ ಅಂದ್ರಿ. ಕಟ್ಟಿಸಿದ ರಾಜಕುಮಾರನ ಹೆಸರಿನ ಜೊತೆ ಆಳು ಗಾಡಿ ಲೆಕ್ಕಾನೂ ಉಳಿಸಿದಾರಲ್ಲ, ಅದು ನನ್ನ ತಲೇಲಿ ಇನ್ನೂ ಓಡ್ತಾ ಇದೆ. ಹಂಗಾಗಿ ನಮ್ಮ ಆಳುಗಳ ಲೆಕ್ಕಾನೂ ಹೇಳ್ಬಿಡ್ತೀನಿ. ಎನ್ನೆಸ್ಸೆಸ್ ಮಕ್ಕಳು 22 ಜನ. ನಿನ್ನೆ ರಾತ್ರಿ ಹತ್ತರವರೆಗೂ ಇನ್ನೂರು ಫೈಲು ಜೋಡಿಸಿದ್ರು, ಬೆಳಿಗ್ಗೆ ಏಳಕ್ಕೆ ರಿಜಿಸ್ಟ್ರೇಷನ್ ಟೇಬಲ್ ಹತ್ರ ಇದ್ರು, ಶೆಡ್ಯೂಲ್ ಬದಲಾದಾಗೆಲ್ಲ ಬೋರ್ಡ್ ಮೇಲೆ ಅಳಿಸಿ ಅಳಿಸಿ ಬರೆದ್ರು, ನಾನೇ ಎಣಿಸಿದೀನಿ ನಾಲ್ಕು ಸಲ, ಒಬ್ರೂ ಮುಖ ಸಿಂಡರಿಸ್ಲಿಲ್ಲ. ಎಲ್ಲಾ ಇಲ್ಲಿ ಮುಂದೆ ಬನ್ನಿ ಮಕ್ಕಳೇ, ಇನ್ನೂ ಬಾಗಿಲ ಹತ್ರಾನೇ ಯಾಕೆ ನಿಂತಿದೀರ, ಒಂದು ಜೋರಾಗಿ ಚಪ್ಪಾಳೆ ಇವ್ರಿಗೆ.

ಎರಡೂಕಾಲಿಗೆ ಕರೆಂಟ್ ಹೋದಾಗ ನಂಗೆ ಕೈಕಾಲೇ ಆಡ್ಲಿಲ್ಲ. ಅಂತರ್ಜಲದ ಬಗ್ಗೆ ಮಾತಾಡ್ಬೇಕಿದ್ದ ಮೇಡಂ ಲ್ಯಾಪ್‌ಟಾಪ್ ಮುಚ್ಚಿ ಚಾಕ್‌ಪೀಸ್ ಕೇಳಿದ್ರು. ಸಾವಿರ ಅಡಿ ದಾಟಿದ ಬೋರ್‌ವೆಲ್ಲು, ಅದ್ರಲ್ಲಿ ಬರೋ ಫ್ಲೋರೈಡು, 2018ರಿಂದ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ಕೆ.ಸಿ. ವ್ಯಾಲಿ ನೀರು ಬರ್ತಿರೋ ಕೆರೆಗಳು, ಎಲ್ಲಾ ಬೋರ್ಡ್ ಮೇಲೆ ಗೆರೆ ಎಳೆದೇ ಅರ್ಥ ಮಾಡಿಸಿದ್ರು. ಎರಡು ಹಂತ ಶುದ್ಧ ಮಾಡಿದ ನೀರು ಸಾಕಾ, ಮೂರನೇ ಹಂತ ಬೇಡ್ವಾ ಅಂತ ರೈತರು ಕೇಳಿದಾಗ ಪ್ರಶ್ನೆ ಪಕ್ಕಕ್ಕೆ ಸರಿಸ್ದೆ ಪೂರ್ತಿ ಉತ್ತರ ಕೊಟ್ರಿ ಮೇಡಂ, ಅದಕ್ಕೆ ವಿಶೇಷವಾಗಿ ಥ್ಯಾಂಕ್ಸ್.

ಈ ಬದಲಾವಣೆಗಳಲ್ಲಿ ನಷ್ಟ ಆಗಿದ್ದು ಪ್ರಬಂಧ ಓದಿದ ವಿದ್ಯಾರ್ಥಿಗಳಿಗೆ. ಹನ್ನೆರಡು ನಿಮಿಷ ಅಂತ ಹೇಳಿ ಆರೇ ನಿಮಿಷ ಕೊಟ್ವಿ, ಇಬ್ರಿಗಂತೂ ಅದೂ ಸಿಗ್ಲಿಲ್ಲ. ನಿಮ್ಮ ಹತ್ರ ನಾನು ಕ್ಷಮೆ ಕೇಳ್ತೀನಿ. ಶನಿವಾರ ಹನ್ನೊಂದಕ್ಕೆ ಇದೇ ಹಾಲ್‌ನಲ್ಲಿ ನೀವಿಬ್ರೂ ಪೂರ್ತಿ ಓದ್ತೀರ, ಪ್ರಿನ್ಸಿಪಾಲ್ ಸರ್ ಒಪ್ಪಿದಾರೆ, ತಾವೂ ಬಂದು ಕೂರ್ತೀನಿ ಅಂದಿದಾರೆ. ಇಂಥ ಸಂಕಿರಣ ಮಾಡಿ ಅಂತ ಮೊದ್ಲು ಹೇಳಿದ್ದೂ ಅವ್ರೇ, ಧನ್ಯವಾದ ಸರ್.

ಅಡುಗೆಯೋರು ಊಟ ಒಂದು ಗಂಟೆ ತಡ ಆದ್ರೂ ಮುದ್ದೆ, ಅವರೆಕಾಳು ಸಾರು ಬಿಸಿಬಿಸಿಯಾಗೇ ಬಡಿಸಿದ್ರು. ಮೈಕ್ ಅಣ್ಣ, ಜನರೇಟರ್ ತಂದುಕೊಟ್ಟ ಶಾಮಿಯಾನದೋರು, ಬೆಳಿಗ್ಗೆ ಒಂದ್ಸಲ ಸಂಜೆ ಎರಡು ಸಲ ಹಾಲ್ ಗುಡಿಸಿದ ಅಕ್ಕಂದಿರು, ನಿಮಗೆಲ್ಲ ಕೈ ಮುಗೀತೀನಿ.

ಸರ್ಟಿಫಿಕೇಟ್ ಹೊರಗಡೆ ಎಡಗಡೆ ಟೇಬಲ್‌ನಲ್ಲಿದೆ, ಟೀ ಕೂಡ ಅಲ್ಲೇ. ತಾತನ್ನ ಊರಿಗೆ ಬಿಡೋಕೆ ನಮ್ಮ ಕಾಲೇಜು ಜೀಪು ಹೊರಡುತ್ತೆ, ಆ ದಾರಿಯೋರು ಇಬ್ರು ಮೂರು ಜನ ಹತ್ಕೋಬಹುದು. ಈಗ ಎಲ್ರೂ ದಯವಿಟ್ಟು ಎದ್ದು ನಿಲ್ಲಿ, ರಾಷ್ಟ್ರಗೀತೆ.