ಫೋನ್ ಇಂಟರ್‌ವ್ಯೂಗೆ ಇನ್ನೊಂದು ಸಮಯ

ನಮಸ್ಕಾರ ಸುಷ್ಮಾ ಅವರೇ,

ನಾನು ರಾಘವೇಂದ್ರ, ಶಿವಮೊಗ್ಗ ಆಫೀಸಿನಿಂದ. ಅಕೌಂಟ್ಸ್ ಕೆಲಸದ ಬಗ್ಗೆ ಮಾತಾಡೋಣ ಅಂತ ಇವತ್ತು 11 ಗಂಟೆಗೆ ಫೋನ್ ಮಾಡಿದ್ದೆ. ಎರಡು ಸಲವೂ ಲೈನ್ ಸಿಗಲಿಲ್ಲ. ತೀರ್ಥಹಳ್ಳಿ ಕಡೆ ಮಳೆ ಜೋರಾಗಿದೆ ಅಲ್ವಾ? ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ನಮ್ಮೂರು ಹೊಸನಗರದಲ್ಲೂ ಇದೇ ಕಥೆ. ಬೇರೆ ಏನಾದರೂ ಕೆಲಸ ಬಂದಿದ್ದರೂ ಪರವಾಗಿಲ್ಲ, ಕಾರಣ ಹೇಳಬೇಕು ಅಂತೇನಿಲ್ಲ.

ನಿಮಗಾಗಿ ಎರಡು ಸಮಯ ಇಟ್ಟಿದ್ದೇನೆ: ಗುರುವಾರ ಬೆಳಿಗ್ಗೆ 10:30 ಅಥವಾ ಶುಕ್ರವಾರ ಸಂಜೆ 4:00. ಯಾವುದು ಅನುಕೂಲ ಅಂತ ನಾಳೆ ಸಂಜೆಯೊಳಗೆ ಇದೇ ನಂಬರಿಗೆ ಒಂದು ಮೆಸೇಜ್ ಹಾಕಿ, ಸಾಕು. ಎರಡೂ ಆಗದಿದ್ದರೆ ನಿಮಗೆ ಆಗುವ ಸಮಯ ತಿಳಿಸಿ, ಹೊಂದಿಸೋಣ.

20 ನಿಮಿಷದ ಮಾತು ಅಷ್ಟೇ. ಟ್ಯಾಲಿ, ಜಿಎಸ್‌ಟಿ ಬಗ್ಗೆ ಸ್ವಲ್ಪ ಕೇಳುತ್ತೇನೆ. ಅಡಿಕೆ ಮಂಡಿಯಲ್ಲಿ ಎರಡು ವರ್ಷ ಲೆಕ್ಕ ನೋಡಿಕೊಂಡಿದ್ದೀರಿ ಅಂತ ಬರೆದಿದ್ದಿರಿ, ಅದರ ಬಗ್ಗೆ ಜಾಸ್ತಿ ಕೇಳುವ ಆಸೆ ಇದೆ. ಮನೆಯಲ್ಲಿ ಸಿಗ್ನಲ್ ಕಷ್ಟ ಅಂದರೆ ಬೇರೆ ನಂಬರ್ ಕೊಡಿ, ಲ್ಯಾಂಡ್‌ಲೈನ್ ಆದರೂ ಸರಿ.

ರಾಘವೇಂದ್ರ
ನೇಮಕಾತಿ ವಿಭಾಗ, ಶಿವಮೊಗ್ಗ